ಡಬ್ಬಿಯ ಮೇಲಿನ ಯಾವ ಗುರುತನ್ನು ನೋಡಬೇಕು

ಸ್ಮಾರ್ಟ್ ಸ್ವಿಚ್ಚು, ಬಲ್ಬು, ಪ್ಲಗ್ಗುಗಳನ್ನು ಜೋಡಿಸಿಕೊಡಿ ಎಂದು ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಸಾಮಾನನ್ನೆಲ್ಲ ಕೊಂಡು ಮುಗಿಸಿದ ಮೇಲೆಯೇ ಕರೆಯುತ್ತಾರೆ. ಕಾಸರಗೋಡಿನ ಈ ಭಾಗದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಸಾಮಾನು ಗಲ್ಫಿನಲ್ಲಿರುವ ಮಕ್ಕಳಿಂದ ಬಂದಿರುತ್ತದೆ, ಉಳಿದದ್ದು ಆನ್‌ಲೈನ್ ರಿಯಾಯಿತಿಯಲ್ಲಿ ಬಂದದ್ದು. ಇದನ್ನೇ ಏಕೆ ಆರಿಸಿದಿರಿ ಎಂದು ಕೇಳಿದರೆ ಉತ್ತರ ಒಂದೇ: "ಅಲೆಕ್ಸಾ ಆಗ್ತದೆಂತ ಡಬ್ಬಿಯಲ್ಲೇ ಉಂಟಲ್ಲ, ಮತ್ತೆಂತ ನೋಡ್ಲಿಕ್ಕುಂಟು?" ನೋಡುವುದಕ್ಕೆ ಬಹಳ ಉಂಟು, ಮುಖ್ಯವಾಗಿ ಮ್ಯಾಟರ್ ಎಂಬ ಗುರುತು. ಇದೊಂದನ್ನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ನಿಲ್ಲುತ್ತಿಲ್ಲವಾದ್ದರಿಂದ ಇಲ್ಲಿ ಅದನ್ನೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅಲೆಕ್ಸಾದೊಂದಿಗೆ ಅಥವಾ ಗೂಗಲ್‌ನೊಂದಿಗೆ ಕೆಲಸ ಮಾಡುತ್ತದೆ ಎಂಬ ಗುರುತು ಮಾತ್ರ ಇದ್ದರೆ, ಅದು ಸಾಮಾನ್ಯವಾಗಿ ಎರಡು ಕಂಪನಿಗಳ ಸರ್ವರುಗಳ ನಡುವಿನ ಒಪ್ಪಂದವನ್ನು ಹೇಳುತ್ತದೆ, ನಿಮ್ಮ ಗೋಡೆಯಲ್ಲಿರುವ ಸ್ವಿಚ್ಚಿನ ಸಾಮರ್ಥ್ಯವನ್ನಲ್ಲ. ಅಂಥ ಸ್ವಿಚ್ಚಿಗೆ ನೀವು "ಚಾವಡಿಯ ಲೈಟ್ ಹಾಕು" ಎಂದರೆ ಆ ಮಾತು ಮೊದಲು ಸ್ಪೀಕರಿನ ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಸ್ವಿಚ್ಚಿನ ಕಂಪನಿಯ ಸರ್ವರಿಗೆ, ಅಲ್ಲಿಂದ ಮರಳಿ ನಿಮ್ಮ ಮನೆಯ ರೂಟರಿಗೆ, ಕೊನೆಗೆ ಸ್ವಿಚ್ಚಿಗೆ. ಒಂದೇ ಚಾವಡಿಯಲ್ಲಿ ಕುಳಿತ ಇಬ್ಬರು ದೂರದ ನೆಂಟರ ಮೂಲಕ ಪರಸ್ಪರ ಹೇಳಿಕಳುಹಿಸಿದ ಹಾಗೆ. ಸ್ವಿಚ್ಚಿನ ಕಂಪನಿ ತನ್ನ ಸರ್ವರನ್ನು ನಿಲ್ಲಿಸಿದ ದಿನ, ಅಥವಾ ಆ ಒಪ್ಪಂದವನ್ನು ಬಿಟ್ಟ ದಿನ, ಗೋಡೆಯಲ್ಲಿರುವುದು ಕೈಯಿಂದ ಒತ್ತುವ ಸಾಮಾನ್ಯ ಸ್ವಿಚ್ಚು ಮಾತ್ರ. ಇದು ಬರಿಯ ಊಹೆಯಲ್ಲ. ನೆಸ್ಟ್ ಕಂಪನಿಯು ತಾನು ಕೊಂಡಿದ್ದ ರಿವಾಲ್ವ್ ಎಂಬ ಹಬ್ಬಿನ, ಅಂದರೆ ಮನೆಯ ಸ್ಮಾರ್ಟ್ ಉಪಕರಣಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆಯ, ಸೇವೆಯನ್ನು 2016ರ ಮೇ ತಿಂಗಳಿನಲ್ಲಿ ನಿಲ್ಲಿಸಿದಾಗ, ಸುಸ್ಥಿತಿಯಲ್ಲಿದ್ದ ಪೆಟ್ಟಿಗೆಗಳೇ ಕೆಲಸಕ್ಕೆ ಬಾರದಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು.

ಮ್ಯಾಟರ್ ಎಂಬ ಮಾನದಂಡ ಹುಟ್ಟಿದ್ದು ಈ ತೊಡಕನ್ನು ಬಿಡಿಸುವುದಕ್ಕೆ. ಆಪಲ್, ಗೂಗಲ್, ಅಮೆಜಾನ್ ಕಂಪನಿಗಳು ಜಿಗ್‌ಬೀ ಎಂಬ ಹಳೆಯ ರೇಡಿಯೋ ಮಾನದಂಡದ ಒಕ್ಕೂಟದೊಂದಿಗೆ ಸೇರಿ 2019ರ ಕೊನೆಗೆ ಈ ಕೆಲಸವನ್ನು ಘೋಷಿಸಿದವು. ಅದರ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಹೊರಬಂತು. ಮ್ಯಾಟರ್ ಪ್ರಮಾಣಿತ ಸ್ವಿಚ್ಚು ಮನೆಯೊಳಗಿನ ನೆಟ್‌ವರ್ಕಿನಲ್ಲಿಯೇ ನೇರವಾಗಿ ಆಜ್ಞೆಯನ್ನು ತೆಗೆದುಕೊಳ್ಳುತ್ತದೆ, ಯಾವ ಕಂಪನಿಯ ಸರ್ವರಿನ ಅನುಮತಿಗೂ ಕಾಯುವುದಿಲ್ಲ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಅಂಥ ಪ್ರತಿಯೊಂದು ಉಪಕರಣವೂ ಒಂದೇ ಹೊತ್ತಿಗೆ ಕನಿಷ್ಠ 5 ಬೇರೆ ಬೇರೆ ನಿಯಂತ್ರಣ ವ್ಯವಸ್ಥೆಗಳಿಗೆ ಸೇರಿಕೊಳ್ಳಲು ಶಕ್ತವಾಗಿರಬೇಕೆಂಬುದು ನಿಯಮ. ಪ್ರತಿಯೊಂದು ವ್ಯವಸ್ಥೆಗೂ ತನ್ನದೇ ಆದ ಗುಪ್ತ ಕೀಲಿಗಳಿರುತ್ತವೆ, ಒಂದನ್ನು ತೆಗೆದುಹಾಕಿದರೆ ಉಳಿದವು ಎಂದಿನಂತೆ ನಡೆಯುತ್ತವೆ. ಒಂದು ಬ್ರ್ಯಾಂಡಿಗೆ ಕಟ್ಟುಬೀಳದೆ ಇರುವುದು ಎಂದು ನಾನು ಹೇಳುವುದು ಇದನ್ನೇ. ಕಪಾಟಿನಲ್ಲಿ ನಾಲ್ಕು ಕಂಪನಿಗಳ ಡಬ್ಬಿಗಳಿರುವುದನ್ನಲ್ಲ.

ನೀರ್ಚಾಲಿನ ಹತ್ತಿರದ ಒಂದು ತೋಟದ ಮನೆಯಲ್ಲಿ ಇದನ್ನು ಮಾಡಿದ ಬಗೆಯನ್ನು ಹೇಳಿದರೆ ಸ್ಪಷ್ಟವಾದೀತು. ಮನೆಯ ಹಿರಿಯರ ಕೈಯಲ್ಲಿ ಆಂಡ್ರಾಯ್ಡ್ ಫೋನು, ಚಾವಡಿಯಲ್ಲಿ ಗೂಗಲ್ ನೆಸ್ಟ್ ಮಿನಿ ಎಂಬ ಸ್ಪೀಕರು. ಸೊಸೆಯದು ಐಫೋನ್, ಮಹಡಿಯ ಕೋಣೆಯಲ್ಲಿ ಅವರ ಆಪಲ್ ಸ್ಪೀಕರು ಹೋಮ್‌ಪಾಡ್ ಮಿನಿ. ಮೊದಲು ಅಲ್ಲಿ ಹಾಕಿಸಿದ್ದ ಸ್ವಿಚ್ಚುಗಳು ಒಂದೇ ಕಂಪನಿಯವು, ಅವುಗಳ ಖಾತೆ ಅಂದು ಕೆಲಸ ಮಾಡಿದ ಗುತ್ತಿಗೆದಾರನ ಇಮೇಲಿನಲ್ಲಿತ್ತು, ಆತನ ಫೋನ್ ಸಂಖ್ಯೆ ಈಗ ಚಾಲ್ತಿಯಲ್ಲಿಲ್ಲ. ಸೊಸೆಯ ಫೋನಿಗೆ ಅವು ಸೇರಲೇ ಇಲ್ಲ. "ಮಾವ, ನಿಮ್ಮ ಫೋನು ಹುಡುಕಿ ಕೊಡದೆ ನನಗೆ ನನ್ನ ಕೋಣೆಯ ಫ್ಯಾನೇ ನಿಲ್ಲಿಸ್ಲಿಕ್ಕಾಗುವುದಿಲ್ಲ" ಎಂದು ಆಕೆ ಹೇಳಿದ ಮಾತಿನಲ್ಲಿ ಬೇಸರವೂ ಇತ್ತು, ನ್ಯಾಯವೂ ಇತ್ತು.

ನಾವು ಸ್ವಿಚ್ ಬೋರ್ಡಿನ ಹಿಂದೆ ಕೂರುವ, ವೈಫೈಯಲ್ಲಿ ನಡೆಯುವ ಮ್ಯಾಟರ್ ಮಾಡ್ಯೂಲುಗಳನ್ನು ಹಾಕಿದೆವು. ಬೋರ್ಡಿನ ಪೆಟ್ಟಿಗೆಯಲ್ಲಿ ಇವುಗಳಿಗೆ ಬೇಕಾದ ನ್ಯೂಟ್ರಲ್ ತಂತಿ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್ನರಿಂದ ತೆರೆಸಿ ನೋಡಿಸಿ. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಪ್ರತಿ ಮಾಡ್ಯೂಲಿನ ಮೇಲೆ ಒಂದು ಕ್ಯೂಆರ್ ಚಿತ್ರ, ಅದರ ಕೆಳಗೆ 11 ಅಂಕೆಗಳ ಸಂಖ್ಯೆ ಇರುತ್ತದೆ. ಹಿರಿಯರ ಫೋನಿನ ಗೂಗಲ್ ಹೋಮ್ ಆ್ಯಪಿನಲ್ಲಿ ಆ ಚಿತ್ರವನ್ನು ಸ್ಕ್ಯಾನ್ ಮಾಡಿದಾಗ, ಫೋನು ಬ್ಲೂಟೂತ್ ಮೂಲಕ ಮಾಡ್ಯೂಲನ್ನು ಗುರುತಿಸಿ, ಮನೆಯ ವೈಫೈಯ ಪಾಸ್‌ವರ್ಡನ್ನು ಅದಕ್ಕೆ ದಾಟಿಸಿತು. ಅಲ್ಲಿಗೆ ಮೊದಲ ವ್ಯವಸ್ಥೆ ಸಿದ್ಧ.

ಎರಡನೆಯ ವ್ಯವಸ್ಥೆಗೆ ಸೇರಿಸುವಾಗ ಎಲ್ಲರೂ ಎಡವುವ ಜಾಗ ಬರುತ್ತದೆ. ಮಾಡ್ಯೂಲಿನ ಮೇಲಿದ್ದ ಅದೇ ಸಂಖ್ಯೆಯನ್ನು ಇನ್ನೊಂದು ಫೋನಿಗೆ ಹಾಕಿದರೆ ಸೇರುವುದಿಲ್ಲ, ಏಕೆಂದರೆ ಒಮ್ಮೆ ಸೇರಿಕೊಂಡ ಉಪಕರಣವು ಒಳಗಿರುವ ವ್ಯವಸ್ಥೆಯ ಒಪ್ಪಿಗೆಯಿಲ್ಲದೆ ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ. ಹಿರಿಯರ ಫೋನಿನಲ್ಲಿ ಆ ಸ್ವಿಚ್ಚಿನ ಸೆಟ್ಟಿಂಗಿಗೆ ಹೋಗಿ `Linked Matter apps & services` ಎಂಬುದನ್ನು ಒತ್ತಿ ಹಂಚಿಕೊಳ್ಳಲು ಹೇಳಿದಾಗ, ಹೊಸತೊಂದು ಸಂಖ್ಯೆ ಕಾಣಿಸಿತು. ಅದು ಕೆಲವೇ ನಿಮಿಷಗಳವರೆಗೆ ನಡೆಯುತ್ತದೆ. ಈ ಬಾಗಿಲು 15 ನಿಮಿಷಕ್ಕಿಂತ ಹೆಚ್ಚು ತೆರೆದಿರಬಾರದೆಂದು ಮಾನದಂಡದಲ್ಲೇ ಇದೆ. ಅದನ್ನು ಸೊಸೆಯ ಐಫೋನಿನ ಹೋಮ್ ಆ್ಯಪಿಗೆ ಹಾಕಿದ ಕೂಡಲೇ ಅದೇ ಸ್ವಿಚ್ಚು ಅಲ್ಲಿಯೂ ಬಂದು ಕೂತಿತು. ಮಾವ ಕೆಳಗಿನಿಂದ ಆರಿಸಿದ ದೀಪ ಆಕೆಯ ಫೋನಿನಲ್ಲಿಯೂ ಆರಿದ್ದಾಗಿ ತೋರಿತು. ಮಾವ ನಾಳೆ ಗೂಗಲ್ ಬೇಡವೆಂದರೂ ಗೋಡೆಯಲ್ಲಿರುವ ಯಾವುದನ್ನೂ ಕೀಳಬೇಕಾಗಿಲ್ಲ.

ಯಾವುದೇ ಉಪಕರಣ ನಿಜಕ್ಕೂ ಮುಕ್ತವೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಇದೇ: ಎರಡು ಬೇರೆ ಕಂಪನಿಗಳ ಆ್ಯಪಿಗೆ ಒಟ್ಟಿಗೆ ಸೇರಿಸಿ ನೋಡುವುದು. ಇಂಟರ್ನೆಟ್ ತಂತಿಯನ್ನು ಕಳಚಿ, ವೈಫೈ ಮಾತ್ರ ಉಳಿಸಿ ನೋಡಿ ಎಂದು ಕೆಲವರು ಹೇಳುತ್ತಾರೆ. ಅದೂ ಒಳ್ಳೆಯದೇ, ಆದರೆ ಅದರ ಫಲವನ್ನು ಎಚ್ಚರದಿಂದ ಓದಬೇಕು. ಮಾತಿನ ಆಜ್ಞೆಯನ್ನು ಅರ್ಥಮಾಡಿಕೊಳ್ಳಲು ಹೆಚ್ಚಿನ ಸ್ಪೀಕರುಗಳಿಗೆ ಇಂಟರ್ನೆಟ್ ಬೇಕೇ ಬೇಕು, ಕೆಲವು ಆ್ಯಪುಗಳಂತೂ ಇಂಟರ್ನೆಟ್ ಇಲ್ಲದೆ ಸರಿಯಾಗಿ ತೆರೆಯುವುದೂ ಇಲ್ಲ. ಅದು ಆ್ಯಪಿನ ಮಿತಿ, ಸ್ವಿಚ್ಚಿನ ದೋಷವಲ್ಲ.

ಈ ಮನೆಯಲ್ಲಿ ಆಮೇಲೆ ಒಂದು ತೊಂದರೆ ಬಂತು, ಮತ್ತು ಅದು ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ಮತ್ತೆ ಮತ್ತೆ ಬರುವಂಥದ್ದು. ಮಹಡಿಯಲ್ಲಿ ನಿಂತರೆ ಸ್ವಿಚ್ಚು ಸಿಗುತ್ತದೆ, ಕೆಳಗಿಳಿದರೆ ಪ್ರತಿಕ್ರಿಯೆ ಇಲ್ಲ. ಲ್ಯಾಟರೈಟಿನ ದಪ್ಪ ಗೋಡೆಯೆಂದು ಮನೆಯವರು ಮಹಡಿಗೆ ಎರಡನೆಯ ರೂಟರನ್ನು ಹಾಕಿಸಿದ್ದರು, ಅದು ತನ್ನದೇ ಬೇರೆ ನೆಟ್‌ವರ್ಕನ್ನು ಕಟ್ಟಿಕೊಂಡಿತ್ತು. ಕೆಳಗಿನ ಫೋನಿನ ಐಪಿ ವಿಳಾಸ `192.168.1` ಎಂದು ಶುರುವಾದರೆ ಮೇಲಿನದು `192.168.0` ಎಂದು ಶುರುವಾಗುತ್ತಿತ್ತು. ಮ್ಯಾಟರ್ ಉಪಕರಣಗಳು ಪರಸ್ಪರರನ್ನು ಹುಡುಕುವುದು ಒಂದೇ ನೆಟ್‌ವರ್ಕಿನ ಒಳಗೆ, ರೂಟರಿನ ಗಡಿ ದಾಟಿ ಆ ಕರೆ ಹೋಗುವುದಿಲ್ಲ. ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿ, ವಿಳಾಸ ಹಂಚುವ ಕೆಲಸವನ್ನು ಕೆಳಗಿನ ರೂಟರಿಗೆ ಮಾತ್ರ ಬಿಟ್ಟು, ಮಹಡಿಯ ಮಾಡ್ಯೂಲುಗಳನ್ನೂ ಸ್ಪೀಕರನ್ನೂ ಒಮ್ಮೆ ಆರಿಸಿ ಹೊತ್ತಿಸಿದ ಮೇಲೆ ಸರಿಯಾಯಿತು. ಇಂಥ ಸಂದರ್ಭದಲ್ಲಿ ಸ್ವಿಚ್ಚು ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಿದವರನ್ನು ನಾನು ಬಲ್ಲೆ; ಬದಲಿಗೆ ಬಂದದ್ದೂ ಹಾಗೆಯೇ ನಡೆದುಕೊಂಡಿತು.

ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಮ್ಯಾಟರ್ ಗುರುತು, ಅಂದರೆ ನಡುವಿನತ್ತ ಮುಖಮಾಡಿದ ಮೂರು ಬಾಣಗಳ ಚಿತ್ರ, ಇದ್ದ ಮಾತ್ರಕ್ಕೆ ಅದು ನಿಮ್ಮ ಮನೆಯಲ್ಲಿ ನಡೆಯುತ್ತದೆಂದಲ್ಲ. ಕೆಲವು ಉಪಕರಣಗಳು ವೈಫೈಯ ಬದಲು ಥ್ರೆಡ್ ಎಂಬ ಬೇರೆ ರೇಡಿಯೋವನ್ನು ಬಳಸುತ್ತವೆ. ಬ್ಯಾಟರಿಯ ಸೆನ್ಸರುಗಳಿಗೆ ಅದು ಬಹಳ ಒಳ್ಳೆಯದು, ಆದರೆ ಆ ರೇಡಿಯೋವನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಥ್ರೆಡ್ ಬಾರ್ಡರ್ ರೂಟರ್ ಮನೆಯಲ್ಲಿ ಇರಬೇಕು. ಹೋಮ್‌ಪಾಡ್ ಮಿನಿಯಲ್ಲಿ ಅದು ಇದೆ, ನೆಸ್ಟ್ ಮಿನಿಯಲ್ಲಿ ಇಲ್ಲ. ಹಾಗೆಯೇ ಮಾನದಂಡದಲ್ಲಿ ಇಲ್ಲದ ಗುಣಗಳು, ಉದಾಹರಣೆಗೆ ಬಲ್ಬಿನ ಕಂಪನಿ ತಾನೇ ರೂಪಿಸಿದ ಬಣ್ಣದಾಟಗಳು, ಆ ಕಂಪನಿಯ ಆ್ಯಪಿನಲ್ಲಿ ಮಾತ್ರ ಸಿಗುತ್ತವೆ. ಕ್ಯಾಮೆರಾ ಮ್ಯಾಟರಿನ ಒಳಗೆ ಬಂದದ್ದೇ 2025ರ ಕೊನೆಗೆ. ಮಾನದಂಡದಲ್ಲಿ ಇದ್ದದ್ದೂ ನಿಮ್ಮ ಆ್ಯಪಿಗೆ ಬಂದಿರಬೇಕೆಂದಿಲ್ಲ, ಆದ್ದರಿಂದ ನಿಮಗೆ ಬೇಕಾದ ಕೆಲಸ ನೀವು ಬಳಸುವ ಆ್ಯಪಿನಲ್ಲಿ ಕಾಣುತ್ತದೆಯೇ ಎಂದು ಕೇಳಿ ತಿಳಿದೇ ಹಣ ಕೊಡಿ. ಪಂಪಿನ ಮೋಟಾರನ್ನಂತೂ ಮ್ಯಾಟರ್ ಇರಲಿ ಬಿಡಲಿ ಇಂಥ ಸಣ್ಣ ಮಾಡ್ಯೂಲಿಗೆ ನೇರವಾಗಿ ಕಟ್ಟಬೇಡಿ, ನಡುವೆ ಮೋಟಾರಿನ ಹೆಚ್ಚಿನ ಕರೆಂಟನ್ನು ತಾಳುವ ಕಾಂಟ್ಯಾಕ್ಟರ್ ಎಂಬ ಸರಿಯಾದ ಸ್ವಿಚ್ಚು ಬೇಕು.

ಇನ್ನೊಂದು ವಿಷಯವನ್ನು ದಯವಿಟ್ಟು ಮರೆಯಬೇಡಿ. ಮಾಡ್ಯೂಲಿನ ಮೇಲಿನ ಆ 11 ಅಂಕೆಗಳು ಬೋರ್ಡು ಮುಚ್ಚಿದ ಮೇಲೆ ಕಾಣುವುದಿಲ್ಲ. ಉಪಕರಣವನ್ನು ಪೂರ್ತಿ ರೀಸೆಟ್ ಮಾಡಬೇಕಾಗಿ ಬಂದರೆ ಮತ್ತೆ ಸೇರಿಸಲು ಬೇಕಾಗುವುದು ಆ ಮೂಲ ಸಂಖ್ಯೆಯೇ. ಅದು ಕಳೆದುಹೋದರೆ ಒಳ್ಳೆಯ ಮಾಡ್ಯೂಲನ್ನೂ ಎಸೆಯಬೇಕಾದೀತು. ನೀರ್ಚಾಲಿನ ಮನೆಯಲ್ಲಿ ಗೋಡೆಗೆ ಹಾಕುವ ಮೊದಲು ಪ್ರತಿಯೊಂದರ ಫೋಟೋ ತೆಗೆದು, ಯಾವ ಕೋಣೆಯ ಯಾವ ಬೋರ್ಡು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅದನ್ನು ಮನೆಯ ಆಧಾರ ಪತ್ರಗಳ ಜೊತೆ ಇಡಿಸಿದೆ. ಖಾತೆಗಳೆಲ್ಲ ಈಗ ಮನೆಯವರ ಇಮೇಲಿನಲ್ಲಿಯೇ ಇವೆ, ನನ್ನದರಲ್ಲಿಲ್ಲ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೂ ಹಾಗೆಯೇ ಮಾಡಲು ಹೇಳಿ; ಒಪ್ಪದಿದ್ದರೆ ಬೇರೆಯವರನ್ನು ಕರೆಯಿರಿ.

ಈಗಾಗಲೇ ಹಳೆಯ ಸಾಮಾನು ಹಾಕಿಸಿಕೊಂಡವರು ಅದನ್ನೆಲ್ಲ ಕಿತ್ತುಹಾಕುವುದು ಬೇಡ. ಫಿಲಿಪ್ಸ್ ಹ್ಯೂನಂಥ ಕೆಲವು ಜಿಗ್‌ಬೀ ವ್ಯವಸ್ಥೆಗಳ ಹಬ್ಬುಗಳು ಸಾಫ್ಟ್‌ವೇರ್ ನವೀಕರಣದಿಂದ ಮ್ಯಾಟರ್ ಸೇತುವೆಯಾಗಿ ನಡೆಯುತ್ತವೆ, ಅದರ ಕೆಳಗಿರುವ ಹಳೆಯ ಬಲ್ಬುಗಳು ಹೊಸ ಆ್ಯಪಿನಲ್ಲಿ ಹಾಗೆಯೇ ಕಾಣಿಸಿಕೊಳ್ಳುತ್ತವೆ. ಸರ್ವರಿಗೆ ಮಾತ್ರ ಕಟ್ಟುಬಿದ್ದಿರುವ ಅಗ್ಗದ ವೈಫೈ ಪ್ಲಗ್ಗುಗಳಿಗೆ ಹೆಚ್ಚಾಗಿ ಆ ದಾರಿ ಇರುವುದಿಲ್ಲ. ಅವು ತುಲಾ ತಿಂಗಳ ಸಿಡಿಲಿಗೆ ಹೇಗೂ ಒಂದೊಂದಾಗಿ ಹೋಗುತ್ತಿರುತ್ತವೆ, ಹೋದ ಜಾಗಕ್ಕೆ ಮೂರು ಬಾಣಗಳ ಗುರುತಿರುವುದನ್ನು ಹಾಕಿಸುತ್ತ ಬಂದರೆ ಸಾಕು.