ಬ್ರೈಟ್‌ನೆಸ್ ಏರಿಸಿದ ಮೇಲೂ ಅಕ್ಷರ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಔಷಧಿ ಡಬ್ಬಿಯ ಲೇಬಲ್ ಫೋಟೊ ತೆಗೆದು, ಓಸಿಆರ್‌ನಲ್ಲಿ ಓದಿಸಿ, ಬಂದದ್ದನ್ನು ಅನುವಾದಕ್ಕೆ ಕೊಡುತ್ತೇನೆ. ಕೋಣೆಯಲ್ಲಿ ಬೆಳಕು ಕಮ್ಮಿ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಅರ್ಧ ಪದಗಳು ಬರುವುದಿಲ್ಲ. ಲೇಬಲ್ ಮೇಲೆ ಒಂದು ಕಡೆ ದೀಪ ಬೇರೆ ಹೊಳೆಯುತ್ತಿದೆ. ಏನು ಮಾಡಲಿ?

ಮತ್ತೆ ಅದೇ ಬ್ರೈಟ್‌ನೆಸ್! ಈ ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಒಳಗೆ ಇರುವ ನಂಬಿಕೆ ಒಂದೇ: ಕತ್ತಲಾಗಿದೆ, ಆದ್ದರಿಂದ ಬೆಳಗಿಸಿದರೆ ಆಯಿತು. ನಮ್ಮ ಕಣ್ಣಿಗೆ ಅದು ಸರಿ ಅನ್ನಿಸುತ್ತದೆ. ಓಸಿಆರ್‌ಗೆ ಬೇಕಾದದ್ದು ಬೆಳಕಲ್ಲ, ಕಾಗದಕ್ಕೂ ಶಾಯಿಗೂ ಇರುವ ವ್ಯತ್ಯಾಸ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ, ಇನ್ನೊಮ್ಮೆ ಕೇಳಬೇಡಿ.

ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರ ತನಕ ಒಂದು ಅಂಕಿ ಇರುತ್ತದೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. ನಿಮ್ಮ ಲೇಬಲ್‌ನ ಕತ್ತಲ ಮೂಲೆಯಲ್ಲಿ ಕಾಗದ 60, ಶಾಯಿ 35 ಇದೆ ಅಂದುಕೊಳ್ಳಿ. ದೀಪದ ಕಡೆ ಕಾಗದ 200, ಶಾಯಿ 110. ಈಗ ಬ್ರೈಟ್‌ನೆಸ್ 80 ಏರಿಸಿ. ಮೂಲೆಯಲ್ಲಿ 140 ಮತ್ತು 115 ಆಯಿತು. ಮೊದಲೂ 25 ವ್ಯತ್ಯಾಸ ಇತ್ತು, ಈಗಲೂ ಅಷ್ಟೇ. ದೀಪದ ಕಡೆ ಕಾಗದ 280 ಆಗಬೇಕಿತ್ತು, ಆದರೆ 255ಕ್ಕೆ ನಿಂತುಬಿಟ್ಟಿತು. ಶಾಯಿ 190. ಅಲ್ಲಿದ್ದ 90ರ ವ್ಯತ್ಯಾಸ 65ಕ್ಕೆ ಇಳಿಯಿತು. ಅಂದರೆ ಕತ್ತಲ ಕಡೆ ಏನೂ ಸಿಗಲಿಲ್ಲ, ಚೆನ್ನಾಗಿದ್ದ ಕಡೆಯೂ ಕಳೆದುಕೊಂಡಿರಿ.

"ಹಾಗಾದರೆ ಕಾಂಟ್ರಾಸ್ಟ್ ಏರಿಸುತ್ತೇನೆ" ಅನ್ನುತ್ತೀರಿ. ಸರಿ, ಎಲ್ಲವನ್ನೂ 2ರಿಂದ ಗುಣಿಸಿ. ಮೂಲೆಯಲ್ಲಿ 120 ಮತ್ತು 70, ವ್ಯತ್ಯಾಸ 50. ಪರವಾಗಿಲ್ಲ. ದೀಪದ ಕಡೆ ಕಾಗದ 255, ಶಾಯಿ 220. ವ್ಯತ್ಯಾಸ ಬರೀ 35. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ, ಅಲ್ವಾ?

ಇನ್ನೂ ಒಂದು ಎಡವಟ್ಟಿದೆ. ಆ ನಾಲ್ಕು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಕತ್ತಲಲ್ಲಿರುವ ಕಾಗದ 60, ಬೆಳಕಲ್ಲಿರುವ ಶಾಯಿ 110. ಕಾಗದವೇ ಶಾಯಿಗಿಂತ ಕಪ್ಪು! ಟೆಸರಾಕ್ಟ್‌ನಂಥ ಓಸಿಆರ್ ಮೊದಲು ಚಿತ್ರವನ್ನು ಕಪ್ಪು-ಬಿಳುಪು ಮಾಡಿಕೊಳ್ಳುತ್ತದೆ. ಅದಕ್ಕೆ ಅದು ಸುಮ್ಮನೆ ಬಿಟ್ಟರೆ ಬಳಸುವುದು ಓಟ್ಸು ವಿಧಾನ. ಅದು ಇಡೀ ಚಿತ್ರಕ್ಕೆ ಒಂದೇ ಗಡಿ ಹಾಕುತ್ತದೆ. ಈ ಲೇಬಲ್‌ನಲ್ಲಿ ಎಲ್ಲಿ ಗಡಿ ಹಾಕಿದರೂ ಒಂದೋ ಮೂಲೆ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ದೀಪದ ಕಡೆಯ ಅಕ್ಷರ ಅಳಿಸಿಹೋಗುತ್ತದೆ. ಬ್ರೈಟ್‌ನೆಸ್ ಎಷ್ಟೇ ತಿರುಗಿಸಿ, ಯಾವುದು ಯಾವುದಕ್ಕಿಂತ ಕಪ್ಪು ಎಂಬ ಕ್ರಮ ಬದಲಾಗುವುದಿಲ್ಲ.

ಈಗ ಕೂಡುವುದನ್ನು ಬಿಟ್ಟು ಭಾಗಿಸಿ. ಮೂಲೆಯಲ್ಲಿ 35 ಭಾಗಿಸು 60, ಅಂದರೆ ಸುಮಾರು 0.58. ದೀಪದ ಕಡೆ 110 ಭಾಗಿಸು 200, ಅಂದರೆ 0.55. ನೋಡಿದಿರಾ? ಎರಡೂ ಹೆಚ್ಚುಕಮ್ಮಿ ಒಂದೇ. ಶಾಯಿ ತನ್ನ ಪಕ್ಕದ ಕಾಗದಕ್ಕಿಂತ ಎಷ್ಟು ಪಾಲು ಕಪ್ಪು ಅನ್ನುವುದು ಬೆಳಕು ಬದಲಾದರೂ ಜಾಸ್ತಿ ಬದಲಾಗುವುದಿಲ್ಲ. 255ರಿಂದ ಗುಣಿಸಿದರೆ ಶಾಯಿ 149 ಮತ್ತು 140, ಕಾಗದ ಎರಡೂ ಕಡೆ 255. ಈಗ 200ರಲ್ಲಿ ಒಂದು ಗೆರೆ ಎಳೆದರೆ ಸಾಕು. ಓಪನ್‌ಸಿವಿಯಲ್ಲಿ ಇದು ನಾಲ್ಕೇ ಸಾಲು:

```python
g = cv2.imread("label.jpg", cv2.IMREAD_GRAYSCALE)
k = cv2.getStructuringElement(cv2.MORPH_ELLIPSE, (51, 51))
bg = cv2.medianBlur(cv2.morphologyEx(g, cv2.MORPH_CLOSE, k), 51)
out = cv2.divide(g, bg, scale=255)
```

ಮೂರನೇ ಸಾಲು ಅಕ್ಷರಗಳನ್ನೆಲ್ಲ ಮುಚ್ಚಿ ಬರೀ ಕಾಗದದ ಚಿತ್ರ ಮಾಡಿಕೊಡುತ್ತದೆ. ಅಕ್ಷರದ ಎತ್ತರ 30 ಪಿಕ್ಸೆಲ್ ಆಸುಪಾಸು ಇದ್ದರೆ 51 ಸರಿಹೋಗುತ್ತದೆ. ದಪ್ಪ ಅಕ್ಷರಗಳ ಹೊಟ್ಟೆ ಟೊಳ್ಳಾಗಿ ಬರೀ ಅಂಚು ಉಳಿದರೆ ಆ ಅಂಕಿ ಸಣ್ಣದಾಯಿತು ಅಂತ ಅರ್ಥ. ಏರಿಸಿ, ಆದರೆ ಬೆಸ ಸಂಖ್ಯೆಯೇ ಇರಲಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇದ್ದರೆ ಮೊದಲು ಚಿತ್ರವನ್ನು ತಿರುವುಮುರುವು ಮಾಡಿಕೊಳ್ಳಿ.

ಆದರೆ ಇದು ಪುಕ್ಕಟೆ ಬರುವುದಿಲ್ಲ. 60 ಇದ್ದ ಕಾಗದ 255 ಆಗಬೇಕಾದರೆ ಆ ಮೂಲೆಯಲ್ಲಿ ಎಲ್ಲವೂ ನಾಲ್ಕು ಪಟ್ಟು ಹಿಗ್ಗುತ್ತದೆ. ಕತ್ತಲ ಫೋಟೊದಲ್ಲಿ ಮರಳಿನ ಹಾಗೆ ಕಾಣುವ ನಾಯ್ಸ್ ಕೂಡ ಹಿಗ್ಗುತ್ತದೆ. ಹಾಗಾಗಿ ನಾಯ್ಸ್ ಇಳಿಸುವ ಕೆಲಸ ಭಾಗಾಕಾರಕ್ಕಿಂತ ಮುಂಚೆ ಆಗಬೇಕು. ಫೋನನ್ನು ಎಲ್ಲಾದರೂ ಒರಗಿಸಿಟ್ಟು ನಾಲ್ಕು ಫೋಟೊ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಅಕ್ಷರದ ಅಂಚು ಹಾಗೇ ಉಳಿಯುತ್ತದೆ. ಒಂದೇ ಫೋಟೊವನ್ನು ಫಿಲ್ಟರ್‌ನಿಂದ ಜೋರಾಗಿ ನುಣುಪು ಮಾಡಬೇಡಿ. ಫಿಲ್ಟರ್‌ಗೆ ನಾಯ್ಸ್ ಚುಕ್ಕಿಯೂ ದಶಮಾಂಶದ ಚುಕ್ಕಿಯೂ ಒಂದೇ. ಲೇಬಲ್‌ನಲ್ಲಿ 2.5 ಇದ್ದದ್ದು 25 ಆಗಿಬಿಟ್ಟರೆ ಅನುವಾದದಲ್ಲಿ ಯಾರೂ ಹಿಡಿಯಲಾರರು.

ಈಗ ಹೊಳಪಿನ ವಿಷಯ. ಇದು ಮಂದ ಬೆಳಕಿನಂಥ ಕಾಯಿಲೆಯಲ್ಲ. ಕತ್ತಲಲ್ಲಿ ವ್ಯತ್ಯಾಸ ಸಣ್ಣದಾದರೂ ಇರುತ್ತದೆ. ಹೊಳಪಿನ ನಡುಭಾಗದಲ್ಲಿ ಕಾಗದವೂ 255, ಶಾಯಿಯೂ 255. ಅಲ್ಲಿ ಯಾವ ಸೂತ್ರಕ್ಕೂ ಹಿಡಿಯಲು ಏನೂ ಇಲ್ಲ. ಹೊಳಪಿನ ಅಂಚಿನಲ್ಲಿ ಕಾಗದ 255, ಶಾಯಿ 225 ಅಂತ ಇದ್ದರೆ ಅದನ್ನು ಉಳಿಸಬಹುದು. ಆದರೆ ಇಡೀ ಚಿತ್ರಕ್ಕೆ ಒಂದೇ ಗೆರೆ ಸಾಲದು, ಸುತ್ತಲಿನ ಪಿಕ್ಸೆಲ್ ನೋಡಿ ಗಡಿ ಹಾಕುವ ಸೌವೊಲಾ ವಿಧಾನ ಬೇಕು. ಟೆಸರಾಕ್ಟ್ 5ರಲ್ಲಿ `-c thresholding_method=2 -c thresholding_kfactor=0.05` ಕೊಟ್ಟರೆ ಅದೇ ಬಳಸುತ್ತದೆ. ಎರಡನೆಯದನ್ನು ಕೊಡದಿದ್ದರೆ ಗಡಿ 225ಕ್ಕಿಂತ ಕೆಳಗೆ ಬಿದ್ದು ಈ ಮಂಕು ಶಾಯಿಯೂ ಬಿಳಿಯಾಗಿಬಿಡುತ್ತದೆ.

ನಡುಭಾಗಕ್ಕೆ ಇನ್ನೊಂದು ಫೋಟೊನೇ ಗತಿ. ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆಯಿರಿ. ಹೊಳಪು ಲೇಬಲ್ ಮೇಲೆ ಬೇರೆ ಜಾಗಕ್ಕೆ ಓಡಿರುತ್ತದೆ. ಎರಡನ್ನೂ `cv2.findHomography` ಮತ್ತು `cv2.warpPerspective` ಬಳಸಿ ಒಂದರ ಮೇಲೊಂದು ಕೂರಿಸಿ, ಪ್ರತಿ ಪಿಕ್ಸೆಲ್‌ಗೂ ಎರಡರಲ್ಲಿ ಚಿಕ್ಕ ಅಂಕಿಯನ್ನೇ ಇಟ್ಟುಕೊಳ್ಳಿ. ಹೊಳಪು ಯಾವಾಗಲೂ ಬೆಳಕನ್ನು ಸೇರಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಎರಡೂ ಫೋಟೊ ಒಂದೇ ಎಕ್ಸ್‌ಪೋಶರ್‌ನಲ್ಲಿದ್ದರೆ ಚಿಕ್ಕ ಅಂಕಿಯೇ ನಿಜಕ್ಕೆ ಹತ್ತಿರ. ಭಾಗಾಕಾರ ಇದಾದ ಮೇಲೆ. ಚಪ್ಪಟೆ ಡಬ್ಬಿಗೆ ಇದು ಚೆನ್ನಾಗಿ ನಡೆಯುತ್ತದೆ. ದುಂಡನೆಯ ಬಾಟಲಿಗೆ ನಡೆಯುವುದಿಲ್ಲ, ಅಕ್ಷರಗಳು ಜೋಡಿಜೋಡಿಯಾಗಿ ಕಾಣುತ್ತವೆ. ಹಾಗೆ ಕಂಡರೆ ಎರಡನ್ನೂ ಬೇರೆಬೇರೆಯಾಗಿ ಓದಿಸಿ, ಸಾಲು ಸಾಲಾಗಿ ಹೋಲಿಸಿ.

ನೀವು ಕೇಳದ ಒಂದು ವಿಷಯ ಹೇಳಿಯೇ ಬಿಡುತ್ತೇನೆ. ಓಸಿಆರ್ ಪ್ರತಿ ಪದಕ್ಕೂ "ನನಗೆ ಇಷ್ಟು ಖಾತ್ರಿ" ಅಂತ ಒಂದು ಅಂಕ ಕೊಡುತ್ತದೆ. ಅದು 90ರ ಮೇಲಿದ್ದರೆ ನಿಶ್ಚಿಂತೆ ಅಂತ ತುಂಬಾ ಜನ ಕೂತುಬಿಡುತ್ತಾರೆ. ಲೇಬಲ್‌ನಲ್ಲಿ "ಡು ನಾಟ್ ರೆಫ್ರಿಜರೇಟ್" ಅಂತಿದೆ, ಮೊದಲ ಎರಡು ಪದಗಳ ಮೇಲೆ ಹೊಳಪು ಬಿದ್ದಿದೆ ಅಂದುಕೊಳ್ಳಿ. ಓಸಿಆರ್‌ಗೆ ಸಿಗುವುದು ಕೊನೆಯ ಪದ ಒಂದೇ, ಅದಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತದೆ. ಕಾಣದ ಪದಗಳಿಗೆ ಅಂಕವೇ ಇಲ್ಲ, ಕಮ್ಮಿ ಅಂಕವೂ ಇಲ್ಲ. ಅನುವಾದ "ಫ್ರಿಜ್‌ನಲ್ಲಿ ಇಡಿ" ಅಂತ ಚೊಕ್ಕವಾಗಿ ಬರುತ್ತದೆ. ಇದಕ್ಕೆ ಅಂಕ ನೋಡಿ ಪ್ರಯೋಜನವಿಲ್ಲ. ಭಾಗಿಸುವ ಮುಂಚಿನ ಚಿತ್ರದಲ್ಲಿ 250ಕ್ಕಿಂತ ಮೇಲಿರುವ ಪಿಕ್ಸೆಲ್‌ಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಆ ಗುರುತು ಯಾವ ಸಾಲಿನ ಮೇಲೆ ಅಥವಾ ಅದರ ನೇರಕ್ಕೆ ಎಡಬಲದಲ್ಲಿ ಬಿದ್ದಿದೆಯೋ, ಆ ಸಾಲನ್ನು ಅನುವಾದಕ್ಕೆ ಕಳಿಸದೆ ಫೋಟೊ ಮತ್ತೆ ತೆಗೆಯಿರಿ. ಬಿಳಿ ಕಾಗದವೇ 250 ದಾಟಿದ್ದರೆ ಇಡೀ ಚಿತ್ರ ಗುರುತಾಗುತ್ತದೆ. ಆಗ ಎಕ್ಸ್‌ಪೋಶರ್ ಒಂದು ಹಂತ ಇಳಿಸಿ ತೆಗೆಯಿರಿ. ಫೋಟೊ ಮಂಕಾಯಿತು ಅಂತ ಮತ್ತೆ ಬ್ರೈಟ್‌ನೆಸ್ ಮುಟ್ಟಲು ಹೋಗಬೇಡಿ.