ಮಿತಿ ಹಾಕಿದ ಬೆಲೆಯ ಲೆಕ್ಕ: ಮಡಿಕೇರಿಯ ಬಾಡಿಗೆ ಮನೆ, ಕೊಡಗಿನ ಭತ್ತ

ಮಡಿಕೇರಿಯಲ್ಲಿ ಮನೆಯೊಂದು ಖಾಲಿಯಾದರೆ ಮಾಲೀಕರಿಗೆ ಎರಡು ದಾರಿ ಇರುತ್ತವೆ. ಸಂಸಾರಸ್ಥರಿಗೆ ತಿಂಗಳ ಬಾಡಿಗೆಗೆ ಕೊಡಬಹುದು, ಇಲ್ಲವೇ ಹೋಂಸ್ಟೇ ಮಾಡಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಬಹುದು. ಊರಿಗೆ ವರ್ಗವಾಗಿ ಬರುವ ಶಿಕ್ಷಕರು, ನರ್ಸ್‌ಗಳು, ಬ್ಯಾಂಕ್ ನೌಕರರು ಬಾಡಿಗೆ ಕೇಳಿ ಬೆಚ್ಚುವುದಕ್ಕೆ ಇದೂ ಒಂದು ಕಾರಣ. ಬಾಡಿಗೆಗೆ ಸರ್ಕಾರವೇ ಒಂದು ಮಿತಿ ಹಾಕಲಿ ಎಂದು ಅವರಿಗೆ ಅನ್ನಿಸುವುದು ಸಹಜ. ಅತ್ತ ಗದ್ದೆ ಮಾಡುವವರು ಕೇಳುವುದು ಇದಕ್ಕೆ ತದ್ವಿರುದ್ಧ: ಭತ್ತದ ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಮೊದಲನೆಯದು ಗರಿಷ್ಠ ಬೆಲೆಯ ಮಿತಿ, ಎರಡನೆಯದು ಕನಿಷ್ಠ ಬೆಲೆಯ ಭರವಸೆ. ಎರಡರಲ್ಲೂ ಬೆಲೆಯನ್ನು ಆದೇಶದಿಂದ ನಿಗದಿ ಮಾಡಬಹುದು. ಆದರೆ ಆ ಬೆಲೆಗೆ ಎಷ್ಟು ಜನ ಮಾರುತ್ತಾರೆ, ಎಷ್ಟು ಜನ ಕೊಳ್ಳುತ್ತಾರೆ ಎಂಬುದನ್ನು ಆದೇಶ ನಿರ್ಧರಿಸುವುದಿಲ್ಲ. ಈ ಎರಡು ಪ್ರಮಾಣಗಳ ನಡುವೆ ಬೀಳುವ ಅಂತರವನ್ನು ಯಾರು ತುಂಬುತ್ತಾರೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಬಾಡಿಗೆಯ ಲೆಕ್ಕವನ್ನು ಒಂದು ಕಲ್ಪಿತ ಊರಿನಲ್ಲಿ ಮಾಡಿ ನೋಡೋಣ. ಅಲ್ಲಿ ತಿಂಗಳಿಗೆ 10,000 ರೂಪಾಯಿ ಬಾಡಿಗೆಗೆ 500 ಮನೆಗಳು ಸಿಗುತ್ತವೆ, ಬೇಕೆನ್ನುವ ಕುಟುಂಬಗಳೂ 500. ಬಾಡಿಗೆ ಸಾವಿರ ರೂಪಾಯಿ ಇಳಿದಂತೆಲ್ಲ 20 ಮಾಲೀಕರು ಹಿಂದೆ ಸರಿಯುತ್ತಾರೆ ಎಂದಿಟ್ಟುಕೊಳ್ಳಿ. ಕೆಲವರು ಹೋಂಸ್ಟೇ ಕಡೆ ಹೋಗುತ್ತಾರೆ, ಕೆಲವರು ಬೀಗ ಹಾಕಿ ಬೆಂಗಳೂರಿನಲ್ಲಿರುವ ಮಕ್ಕಳ ರಜೆಗೆಂದು ಇಟ್ಟುಕೊಳ್ಳುತ್ತಾರೆ. ಅದೇ ಸಾವಿರ ರೂಪಾಯಿ ಇಳಿಕೆಗೆ ಹೊಸದಾಗಿ 30 ಕುಟುಂಬಗಳು ಮನೆ ಕೇಳಿಕೊಂಡು ಬರುತ್ತವೆ: ಇಷ್ಟು ದಿನ ಕುಶಾಲನಗರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದವರು, ಇಬ್ಬರು ಸೇರಿ ಒಂದು ಮನೆ ಹಂಚಿಕೊಂಡಿದ್ದವರು, ಅಪ್ಪ ಅಮ್ಮನ ಜೊತೆಗಿದ್ದ ಹೊಸ ದಂಪತಿ.

ಈಗ ಮಿತಿ 12,000 ಎಂದು ಘೋಷಿಸಿದರೆ ಏನೂ ಬದಲಾಗುವುದಿಲ್ಲ. ಮಾರುಕಟ್ಟೆಯ ದರವೇ ಅದಕ್ಕಿಂತ ಕೆಳಗಿದೆ. ಮಿತಿ 7,000 ಎಂದರೆ ಮಾತ್ರ ಅದು ಕಚ್ಚುತ್ತದೆ. ಬಾಡಿಗೆಗೆ ಸಿಗುವ ಮನೆಗಳು 440ಕ್ಕೆ ಇಳಿಯುತ್ತವೆ, ಕೇಳುವ ಕುಟುಂಬಗಳು 590ಕ್ಕೆ ಏರುತ್ತವೆ. ಕೊರತೆ 150 ಮನೆ. ಕಡಿಮೆಯಾದದ್ದು 60 ಮನೆ ಮಾತ್ರ, ಉಳಿದ 90 ಹೊಸ ಬೇಡಿಕೆ. ಆದ್ದರಿಂದ ‘ಮಾಲೀಕರು ಮನೆ ಬಚ್ಚಿಟ್ಟರು’ ಎಂಬ ದೂರು ಅರ್ಧ ಮಾತ್ರ ನಿಜ. 440 ಕುಟುಂಬಗಳಿಗೆ ತಿಂಗಳಿಗೆ 3,000 ರೂಪಾಯಿ ಉಳಿಯಿತು ಎಂಬುದೂ ಅಷ್ಟೇ ನಿಜ. ಅದನ್ನು ಮರೆಮಾಚಿ ಬಾಡಿಗೆ ಮಿತಿಯನ್ನು ಬೈಯುವವರು ಅರ್ಧ ಲೆಕ್ಕ ಹೇಳುತ್ತಾರೆ.

ಕೊರತೆ ಇದ್ದಲ್ಲಿ ಮನೆ ಯಾರಿಗೆ ಸಿಗುತ್ತದೆ? ಬೆಲೆ ಆ ಕೆಲಸ ಮಾಡದಿದ್ದಾಗ ಬೇರೇನೋ ಮಾಡುತ್ತದೆ. ಮೊದಲು ಬದಲಾಗುವುದು ಅಡ್ವಾನ್ಸ್. 10,000 ಬಾಳುವ ಮನೆಯನ್ನು 7,000ಕ್ಕೆ ಕೊಡಬೇಕಾದ ಮಾಲೀಕರಿಗೆ ವರ್ಷಕ್ಕೆ 36,000 ರೂಪಾಯಿ ಕೈತಪ್ಪುತ್ತದೆ. ಶೇ 7.2 ಬಡ್ಡಿ ಸಿಗುವ ಠೇವಣಿಯಲ್ಲಿ 5 ಲಕ್ಷ ರೂಪಾಯಿ ಇಟ್ಟರೆ ಸರಿಯಾಗಿ ಅಷ್ಟೇ ಬಡ್ಡಿ ಬರುತ್ತದೆ. ಹಾಗಾಗಿ ಅವರು ಮಾಮೂಲಿ ಅಡ್ವಾನ್ಸ್ ಮೇಲೆ ಇನ್ನೂ 5 ಲಕ್ಷ ಕೇಳಿದರೆ ಹಳೆಯ ಬಾಡಿಗೆಯೇ ಬೇರೆ ದಾರಿಯಲ್ಲಿ ಬಂದಂತಾಯಿತು. ಕರಾರು ಪತ್ರದಲ್ಲಿ ಬಾಡಿಗೆ 7,000 ಎಂದೇ ಇರುತ್ತದೆ. ಆದರೆ 5 ಲಕ್ಷ ಒಟ್ಟಿಗೆ ಕೊಡಬಲ್ಲವರು ಅದೇ ಊರಿನ ನರ್ಸ್ ಅಥವಾ ಅಂಗಡಿ ಹುಡುಗ ಅಲ್ಲ. ಮಿತಿ ಯಾರಿಗಾಗಿ ಬಂತೋ ಅವರೇ ಸಾಲಿನಲ್ಲಿ ಕೊನೆಗೆ ಹೋಗುತ್ತಾರೆ. ಅಡ್ವಾನ್ಸಿಗೂ ಮಿತಿ ಹಾಕಿದರೆ ಆಯ್ಕೆ ಜಾತಿ, ಊಟ, ಪರಿಚಯಗಳ ಮೇಲೆ ನಡೆಯುತ್ತದೆ. 150 ಮಂದಿ ಹೆಚ್ಚಾಗಿ ಬಾಗಿಲಿಗೆ ಬರುತ್ತಿರುವಾಗ ಮಾಲೀಕರಿಗೆ ಹಾಗೆ ಆರಿಸುವುದರಿಂದ ನಷ್ಟವೇ ಇಲ್ಲ.

ಎರಡನೆಯದು ದುರಸ್ತಿ. ಕೊಡಗಿನ ಮಳೆಗೆ ಹೆಂಚಿನ ಮಾಡನ್ನು ವರ್ಷಕ್ಕೊಮ್ಮೆ ಕೈಯಾಡಿಸಬೇಕು, ಒಡೆದ ಹೆಂಚು ಬದಲಿಸಬೇಕು, ಗೋಡೆಯ ಪಾಚಿ ತೆಗೆಸಿ ಸುಣ್ಣಬಣ್ಣ ಮಾಡಿಸಬೇಕು. ಬಾಡಿಗೆದಾರ ಬಿಟ್ಟುಹೋದರೂ ಮಾರನೇ ದಿನ ಇನ್ನೊಬ್ಬ ಬರುತ್ತಾನೆ ಎಂದು ಗೊತ್ತಿದ್ದರೆ ಈ ಖರ್ಚನ್ನು ಮುಂದೂಡುವುದು ಸುಲಭ. ಸೋರುವ ಮನೆಗೆ 7,000 ಎಂದರೆ ಬಾಡಿಗೆ ಇಳಿದಂತೆ ಅಲ್ಲ, ಮನೆಯ ಗುಣಮಟ್ಟ ಬಾಡಿಗೆಗೆ ತಕ್ಕಂತೆ ಇಳಿದಂತೆ.

ಇದನ್ನು ನಿಜವಾದ ಊರೊಂದರಲ್ಲಿ ಅಳೆದು ನೋಡಿದ್ದಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು 1980ಕ್ಕೆ ಮೊದಲು ಕಟ್ಟಿದ ಸಣ್ಣ ವಠಾರಗಳಿಗೂ ವಿಸ್ತರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿದ್ದ ಬಾಡಿಗೆದಾರರು ಅದೇ ಮನೆಯಲ್ಲಿ ಉಳಿದುಕೊಳ್ಳುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತು. ಜೊತೆಗೆ, ನಿಯಂತ್ರಣಕ್ಕೆ ಒಳಪಟ್ಟ ಮಾಲೀಕರು ಬಾಡಿಗೆ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು, ಮಾರಾಟದ ಫ್ಲ್ಯಾಟ್‌ಗಳಾಗಿ ಬದಲಿಸಿದರು. ಊರಿನ ಒಟ್ಟಾರೆ ಬಾಡಿಗೆ ಶೇ 5ರಷ್ಟು ಏರಿತು. ಒಳಗಿದ್ದವರಿಗೆ ರಕ್ಷಣೆ ಸಿಕ್ಕಿತು, ಮುಂದೆ ಬಂದವರು ಅದರ ಬೆಲೆ ತೆತ್ತರು. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಇದೆ. ಆದರೆ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿದೆ. ಇಂದಿನ ಬಾಡಿಗೆಗಳಿಗೆ ಅದು ತಾಗುವುದೇ ಅಪರೂಪ.

ಇನ್ನು ಭತ್ತ. ಕೇಂದ್ರ ಸರ್ಕಾರ 2025-26ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ ಕನಿಷ್ಠ ಬೆಂಬಲ ಬೆಲೆ ಘೋಷಿಸಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಇದಕ್ಕಿಂತ ಕಡಿಮೆಗೆ ಕೊಳ್ಳುವ ಮಿಲ್ಲಿನವರು ಕಾನೂನು ಮುರಿದಂತಲ್ಲ. ಬೆಂಬಲ ಬೆಲೆ ನಿಲ್ಲುವುದು ಸರ್ಕಾರ ತಾನೇ ಆ ಬೆಲೆಗೆ ಕೊಳ್ಳಲು ಬಂದರೆ ಮಾತ್ರ. ಎಲ್ಲಿ ಖರೀದಿ ಸಲೀಸಾಗಿದೆಯೋ ಅಲ್ಲಿ ಬೆಲೆ ನಿಲ್ಲುತ್ತದೆ, ಮಾಲು ರಾಶಿ ಬೀಳುತ್ತದೆ. ಪಂಜಾಬ್, ಹರಿಯಾಣದಲ್ಲಿ ಆಗಿರುವುದು ಇದೇ. ಜುಲೈ 1ಕ್ಕೆ ಕೇಂದ್ರದ ದಾಸ್ತಾನಿನಲ್ಲಿ ಇರಬೇಕಾದ ಅಕ್ಕಿ 135 ಲಕ್ಷ ಟನ್. 2025ರ ಜುಲೈನಲ್ಲಿ ಇದ್ದದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಇಡಲು ಗೋದಾಮು, ಬಾಡಿಗೆ, ಬಡ್ಡಿ, ಹುಳು ಹಿಡಿಯದಂತೆ ಔಷಧ ಎಲ್ಲಕ್ಕೂ ಖರ್ಚು. ಕೊನೆಗೆ 52 ಲಕ್ಷ ಟನ್ ಅಕ್ಕಿಯನ್ನು ಎಥನಾಲ್ ಮಾಡಲು ಕ್ವಿಂಟಲಿಗೆ 2,250 ರೂಪಾಯಿಗೆ ಕೊಡಲು ಸರ್ಕಾರ ಒಪ್ಪಿತು. ಭತ್ತಕ್ಕೆ ಕೊಟ್ಟ ಬೆಲೆಗಿಂತಲೂ ಕಡಿಮೆಗೆ ಅಕ್ಕಿ ಹೋಯಿತು. ಬಾಡಿಗೆಯಲ್ಲಿ ಅಂತರವನ್ನು ಮನೆ ಸಿಗದವರು ಹೊತ್ತರೆ, ಇಲ್ಲಿ ಹೊರುವುದು ಖಜಾನೆ.

ಅದೇ 2,369 ಕೊಡಗಿನಲ್ಲಿ ರಾಶಿ ತರಲಿಲ್ಲ. ಇಲ್ಲಿ ಗದ್ದೆಗಳು ಪಾಳು ಬೀಳುತ್ತಿವೆ. ಕಾರಣ ಬೆಲೆಯಲ್ಲಲ್ಲ, ಖರ್ಚಿನಲ್ಲಿದೆ. ಬೆಂಬಲ ಬೆಲೆ ಇಡೀ ದೇಶಕ್ಕೆ ಒಂದೇ. ಆದರೆ ಬೆಟ್ಟದ ನಡುವಿನ ಕಿರಿದಾದ ಮೆಟ್ಟಿಲು ಗದ್ದೆಗೆ ಕೊಯ್ಲಿನ ಯಂತ್ರ ಇಳಿಯುವುದು ಕಷ್ಟ. ಡಿಸೆಂಬರ್-ಜನವರಿಯ ಕೊಯ್ಲಿಗೆ ಬೇಕಾದ ಆಳುಗಳೇ ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಹಣ್ಣು ಕೊಯ್ಯಲೂ ಬೇಕು. ಒಂದೇ ಬೆಲೆ ಎಲ್ಲ ಕಡೆ ಇದ್ದರೆ ಬೆಳೆ ಖರ್ಚು ಕಡಿಮೆ ಇರುವಲ್ಲಿಗೆ ಸರಿಯುತ್ತದೆ. ಅಲ್ಲಿ ಹೆಚ್ಚುವರಿ, ಇಲ್ಲಿ ಪಾಳು.

ಹೇಗೂ ಬೆಳೆದವರಿಗೂ ಆ ಬೆಲೆ ಪೂರ್ತಿ ಕೈಗೆ ಬರುವುದಿಲ್ಲ. ಒಬ್ಬ ರೈತರ ಲೆಕ್ಕ ಹಾಕೋಣ. ಅವರ ಬಳಿ 50 ಕ್ವಿಂಟಲ್ ಭತ್ತ ಇದೆ, ತೇವಾಂಶ ಶೇ 20. ವ್ಯಾಪಾರಿ ಕಣಕ್ಕೇ ಲಾರಿ ತಂದು 2,050ರಂತೆ ಕೊಳ್ಳಲು ಸಿದ್ಧ ಎಂದುಕೊಳ್ಳಿ: 1,02,500 ರೂಪಾಯಿ, ಅವತ್ತೇ ಕೈಗೆ. ಖರೀದಿ ಕೇಂದ್ರದಲ್ಲಿ ಶೇ 17ಕ್ಕಿಂತ ಹೆಚ್ಚು ತೇವ ಇದ್ದರೆ ತೆಗೆದುಕೊಳ್ಳುವುದಿಲ್ಲ. ಒಣಗಿಸಿದಾಗ ನೀರು ಮಾತ್ರ ಹೋಗುತ್ತದೆ. 50ರಲ್ಲಿ ಒಣ ಭಾಗ 40 ಕ್ವಿಂಟಲ್, ಅದು ಹೊಸ ತೂಕದ ಶೇ 83 ಆಗಬೇಕು, ಅಂದರೆ ಉಳಿಯುವುದು 48.2 ಕ್ವಿಂಟಲ್. ಅದಕ್ಕೆ 2,369ರಂತೆ ಸುಮಾರು 1,14,000. ಮೇಲ್ನೋಟಕ್ಕೆ ಲಾಭ 11,500. ಈಗ ಖರ್ಚು ಕಳೆಯಿರಿ. ಎರಡು ದಿನ ಒಣಗಿಸಲು ಇಬ್ಬರು ಆಳು, 600ರಂತೆ 2,400. ವಾಹನ 3,500. ಹೇರಲು, ಇಳಿಸಲು 1,500. ಉಳಿದದ್ದು 4,100. ಮಂಜಿನ ದಿನಗಳಲ್ಲಿ ಭತ್ತ ಸರಿಯಾಗಿ ಒಣಗದೆ ಕೇಂದ್ರದ ಮೀಟರು ಶೇ 18 ತೋರಿಸಿ ವಾಪಸು ಕಳುಹಿಸಿದರೆ ಇನ್ನೊಂದು ಸಲ ವಾಹನಕ್ಕೆ 3,500. ಆಗ ಉಳಿಯುವುದು 600 ರೂಪಾಯಿ. ಹಣ ಖಾತೆಗೆ ಬರುವವರೆಗೆ ಕಾಯಬೇಕು ಬೇರೆ. ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಇನ್ನೊಂದು ತೊಡಕು: ಮೊಳಕೆಯೊಡೆದ, ಬಣ್ಣ ಕೆಟ್ಟ ಕಾಳು ಶೇ 5 ಮೀರುವಂತಿಲ್ಲ.

ಆದ್ದರಿಂದ ರೈತರು ಕೇಂದ್ರ ಬಿಟ್ಟು ವ್ಯಾಪಾರಿಗೆ ಕೊಟ್ಟರೆ ಅದು ತಿಳಿವಳಿಕೆಯ ಕೊರತೆಯಲ್ಲ. ಲೆಕ್ಕ ಗೊತ್ತಿದ್ದೇ ಕೊಡುತ್ತಾರೆ. ಕೇಂದ್ರ ಕಣಕ್ಕೆ ಹತ್ತಿರ ಇದ್ದರೆ, ಕೊಯ್ಲು ಮುಗಿಯುವ ಮೊದಲೇ ತೆರೆದರೆ, ಮನೆಯಲ್ಲಿ ಒಂದು ತೇವಾಂಶ ಮೀಟರ್ ಅಥವಾ ಹಂಚಿಕೊಳ್ಳಲು ಡ್ರೈಯರ್ ಇದ್ದರೆ ಇದೇ 2,369ಕ್ಕೆ ಬೇರೆಯೇ ಅರ್ಥ ಬರುತ್ತದೆ. ನನ್ನ ದೃಷ್ಟಿಯಲ್ಲಿ ಕೊಡಗಿನಂಥ ಕಡೆ ಬೆಂಬಲ ಬೆಲೆಯನ್ನು ಇನ್ನೂ 50 ರೂಪಾಯಿ ಏರಿಸುವುದಕ್ಕಿಂತ ಇವು ಹೆಚ್ಚು ಕೆಲಸ ಮಾಡುತ್ತವೆ. ಆ 50 ರೂಪಾಯಿ 48 ಕ್ವಿಂಟಲಿಗೆ 2,400 ಆಗುತ್ತದೆ, ಒಂದು ವಾಪಸು ಪ್ರಯಾಣದ ಬಾಡಿಗೆಗೂ ಸಾಲುವುದಿಲ್ಲ.

ಕೊಳ್ಳುವವರೇ ಇಲ್ಲದ ಕನಿಷ್ಠ ಬೆಲೆ ಹೇಗಿರುತ್ತದೆ ಎಂಬುದನ್ನು ಕೊಡಗು ಕರಿಮೆಣಸಿನಲ್ಲಿ ನೋಡಿದೆ. ಮೆಣಸಿಗೆ ಬೆಂಬಲ ಬೆಲೆ ಇಲ್ಲ. ಅಗ್ಗದ ಆಮದಿನಿಂದ ದರ ಕುಸಿದಾಗ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು, 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಆದರೂ ಮುಂದಿನ ಎರಡು ವರ್ಷ ಒಳನಾಡಿನ ದರ ಬಹುಪಾಲು 400 ರೂಪಾಯಿಗಿಂತ ಕೆಳಗೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಬಂದರಿನಲ್ಲಿ ಪರೀಕ್ಷೆಯಾಗುವುದು ಬಿಲ್ಲಿನಲ್ಲಿ ಬರೆದ ಬೆಲೆ, ಅದನ್ನು ಹೆಚ್ಚಿಗೆ ಬರೆದು ತರಲಾಗುತ್ತಿದೆ ಎಂದು ಬೆಳೆಗಾರರು ಮತ್ತೆ ಮತ್ತೆ ದೂರಿದರು. ಅದೂ ಅಲ್ಲದೆ, 500ಕ್ಕೆ ಕೊಳ್ಳುತ್ತೇನೆ ಎನ್ನುವ ಖರೀದಿದಾರ ದೇಶದೊಳಗೆ ಯಾರೂ ಇರಲಿಲ್ಲ. ಗೋಣಿಕೊಪ್ಪದಲ್ಲಿ ಚೀಲ ಇಳಿಸಿದ ಬೆಳೆಗಾರರಿಗೆ ಸಿಕ್ಕಿದ್ದು ಅವತ್ತಿನ ಮಾರುಕಟ್ಟೆ ದರವೇ.