ಮಧ್ಯಾಹ್ನ ಉಂಡದ್ದು ರಾತ್ರಿ ಹಾಗೆಯೇ ವಾಂತಿಯಾಗುವುದೇಕೆ?

ಪ್ರಶ್ನೆ: ನನಗೆ 18 ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತದೆ. ಮಧ್ಯಾಹ್ನ ಒಂದಕ್ಕೆ ತಿಂದ ಹುರುಳಿಕಾಳು, ಸೊಪ್ಪು ರಾತ್ರಿ ಎಂಟಕ್ಕೆ ಹಾಗೆಯೇ ವಾಂತಿಯಾಯಿತು. ಅದೇ ದಿನ ಊಟವಾದ ಒಂದೂವರೆ ಗಂಟೆಗೆ ಸಕ್ಕರೆ 58, ರಾತ್ರಿ 290 ಇತ್ತು. ಇದು ಗ್ಯಾಸ್ಟ್ರಿಕ್ಕೇ?

ಉತ್ತರ: ನೀವು ಬರೆದಿರುವ ಆ ಎರಡು ಅಂಕಿಗಳನ್ನು ವಾಂತಿಯಷ್ಟೇ ಗಂಭೀರವಾಗಿ ನೋಡಬೇಕು. ಊಟದ ಬಳಿಕ ಏರಬೇಕಾದ ಸಕ್ಕರೆ ಇಳಿದು, ಆಮೇಲೆ ಏರಿದೆ ಎಂದರೆ, ಇನ್ಸುಲಿನ್ ತನ್ನ ಕೆಲಸ ಆರಂಭಿಸಿದಾಗ ಅನ್ನ ಇನ್ನೂ ಜಠರದಲ್ಲೇ ಕುಳಿತಿತ್ತು ಎಂದು ಅನುಮಾನಿಸಬೇಕಾಗುತ್ತದೆ. ಜಠರ ಹೀಗೆ ನಿಧಾನವಾಗಿ ಖಾಲಿಯಾಗುವ ತೊಂದರೆಯನ್ನು ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ.

ಜಠರದ ಕೆಳಭಾಗವು ಗಟ್ಟಿ ಆಹಾರವನ್ನು ಒಂದೆರಡು ಮಿಲಿಮೀಟರ್‌ನಷ್ಟು ಸಣ್ಣದಾಗುವವರೆಗೆ ಅರೆದು, ನಂತರವೇ ಕರುಳಿಗೆ ಬಿಡುತ್ತದೆ. ಈ ಅರೆಯುವಿಕೆಯನ್ನು ನಡೆಸುವ ವೇಗಸ್ ನರವೂ, ಜಠರದ ಗೋಡೆಯಲ್ಲಿದ್ದು ಅದರ ಲಯವನ್ನು ಕಾಯುವ ಕೋಶಗಳೂ ಹಲವು ವರ್ಷಗಳ ಅಧಿಕ ಸಕ್ಕರೆಯಿಂದ ಹಾನಿಗೊಳ್ಳಬಹುದು. ನೀರು, ಗಂಜಿಯಂಥ ದ್ರವ ಹೆಚ್ಚಾಗಿ ಮುಂದೆ ಸಾಗುತ್ತದೆ. ಕಾಳಿನ ಸಿಪ್ಪೆ, ಸೊಪ್ಪಿನ ನಾರು ಹಿಂದೆ ಉಳಿಯುತ್ತವೆ. ನಿಮ್ಮ ವಾಂತಿಯಲ್ಲಿ ಕಂಡದ್ದೂ ಅವೇ.

ಆದರೂ ಲಕ್ಷಣ ನೋಡಿಯೇ ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಜಠರವು ಕರುಳಿಗೆ ತೆರೆಯುವ ಬಾಯಿಯ ಬಳಿಯ ಹುಣ್ಣು ಅಥವಾ ಗಡ್ಡೆ ದಾರಿಯನ್ನು ಕಟ್ಟಿದರೂ ಹೀಗೆಯೇ ಆಗುತ್ತದೆ. ಮೊದಲು ಎಂಡೋಸ್ಕೋಪಿ ಮಾಡಿ ಅಡಚಣೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಅತ್ಯಲ್ಪ ವಿಕಿರಣಶೀಲ ವಸ್ತು ಬೆರೆಸಿದ ಊಟವನ್ನು ಕೊಟ್ಟು ನಾಲ್ಕು ಗಂಟೆಗಳ ಕಾಲ ಸ್ಕ್ಯಾನ್ ಮಾಡುತ್ತಾರೆ, ಕೊನೆಗೆ ಶೇ. 10ಕ್ಕಿಂತ ಹೆಚ್ಚು ಜಠರದಲ್ಲೇ ಉಳಿದಿದ್ದರೆ ಖಾಲಿಯಾಗುವುದು ನಿಧಾನವಾಗಿದೆ ಎಂದರ್ಥ. ಪರೀಕ್ಷೆಯ ದಿನ ಸಕ್ಕರೆ ತೀರಾ ಹೆಚ್ಚಿದ್ದರೆ ಅದೇ ಜಠರವನ್ನು ನಿಧಾನಗೊಳಿಸಿ ಫಲಿತಾಂಶವನ್ನು ಕೆಡಿಸುತ್ತದೆ. ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಚುಚ್ಚುಮದ್ದುಗಳೂ, ಟ್ರಾಮಡಾಲ್‌ನಂಥ ನೋವಿನ ಮಾತ್ರೆಗಳೂ ಇದೇ ಪರಿಣಾಮ ಬೀರುವುದರಿಂದ ಅವುಗಳ ಬಗ್ಗೆ ವೈದ್ಯರಿಗೆ ತಪ್ಪದೆ ತಿಳಿಸಿ.

ಸದ್ಯಕ್ಕೆ ಊಟವನ್ನು ಐದಾರು ಸಣ್ಣ ಪಾಲಾಗಿಸಿ, ಎಣ್ಣೆ ಕಡಿಮೆ ಮಾಡಿ, ಮೆತ್ತಗೆ ಬೇಯಿಸಿ ಮಸೆದು ತಿನ್ನಿ: ತೆಳು ರಾಗಿ ಅಂಬಲಿ, ಮಸೆದ ತೊಗರಿಬೇಳೆ, ಸೋಸಿದ ತರಕಾರಿ ಸಾರು. ಸಕ್ಕರೆ ಕಾಯಿಲೆಗೆ ನಾರು ಒಳ್ಳೆಯದೆಂಬ ಸಾಮಾನ್ಯ ಸಲಹೆ ಇಲ್ಲಿ ಹೊಂದುವುದಿಲ್ಲ. ಊಟದ ಇನ್ಸುಲಿನ್ ಅನ್ನು ಊಟಕ್ಕೆ ಮುಂಚೆ ಬದಲು ನಂತರ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಸ್ವಂತವಾಗಿ ಬದಲಿಸಬೇಡಿ. ದೀರ್ಘಾವಧಿಯ ಇನ್ಸುಲಿನ್ ಅನ್ನು, ಊಟ ಸೇರದ ದಿನವೂ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಇಳಿದಾಗ ಬಿಸ್ಕತ್ತಿಗಿಂತ ಸಕ್ಕರೆ ಕರಗಿಸಿದ ನೀರು ಬೇಗ ಮುಟ್ಟುತ್ತದೆ.

ಮೆಟೊಕ್ಲೊಪ್ರಮೈಡ್ ಜಠರದ ಚಲನೆಯನ್ನು ಹೆಚ್ಚಿಸುತ್ತದೆ. ಆದರೆ ಬಹುಕಾಲ ಸೇವಿಸಿದರೆ ಮುಖ, ನಾಲಿಗೆ ತಾನಾಗಿ ಅಲುಗಾಡುವ, ಕೆಲವೊಮ್ಮೆ ವಾಸಿಯಾಗದ ತೊಂದರೆ ಬರಬಹುದಾದ್ದರಿಂದ ಅದನ್ನು 12 ವಾರ ಮೀರಿ ಕೊಡದಿರುವುದು ವಾಡಿಕೆ. ಹಾಗಾಗಿ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರಬೇಡಿ. ವಾಂತಿಯಲ್ಲಿ ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ, ಅಥವಾ ವಾಂತಿಯ ಜೊತೆ ಸಕ್ಕರೆ ಇಳಿಯದೆ ಉಸಿರಾಟ ವೇಗವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.